ಮೊದಲು ಗಿರಾಕಿ, ಆಮೇಲೆ ಅಂಗಡಿ

1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಿಕ್ ಸ್ವಿನ್‌ಮರ್ನ್ ಎಂಬ ತರುಣ ಒಂದು ಜೊತೆ ಶೂ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದ. ಒಂದು ಕಡೆ ಬೇಕಾದ ಮಾದರಿ ಇದ್ದರೆ ಬಣ್ಣ ಇರಲಿಲ್ಲ, ಇನ್ನೊಂದು ಕಡೆ ಬಣ್ಣ ಇದ್ದರೆ ಅಳತೆ ಇರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದವನ ತಲೆಯಲ್ಲಿ ಒಂದು ವ್ಯಾಪಾರ ಮೊಳಕೆಯೊಡೆದಿತ್ತು: ಎಲ್ಲ ಕಂಪನಿಗಳ ಶೂಗಳೂ ಸಿಗುವ ಒಂದು ಅಂಗಡಿಯನ್ನು ಇಂಟರ್ನೆಟ್‌ನಲ್ಲಿ ತೆರೆದರೆ ಹೇಗೆ?

ಶೂ ವ್ಯಾಪಾರ ಬಲ್ಲವರಿಗೆ ಈ ಯೋಚನೆಯ ಕಷ್ಟ ತಕ್ಷಣ ಹೊಳೆಯುತ್ತದೆ. ಒಂದೇ ಮಾದರಿಯನ್ನು ಹತ್ತಾರು ಅಳತೆ, ನಾಲ್ಕಾರು ಬಣ್ಣಗಳಲ್ಲಿ ಇಟ್ಟುಕೊಳ್ಳಬೇಕು. ನೂರು ಮಾದರಿ ಎಂದರೆ ಸಾವಿರಾರು ಜೊತೆಯ ದಾಸ್ತಾನು, ಅದಕ್ಕೊಂದು ಗೋದಾಮು, ಗೋದಾಮಿಗೆ ಆಳುಕಾಳು. ಅಷ್ಟೆಲ್ಲ ಖರ್ಚು ಮಾಡಿದ ಮೇಲೆ, ಕಾಲಿಗೆ ಹಾಕಿ ನೋಡದೆ ಯಾರೂ ಶೂ ಕೊಳ್ಳುವುದಿಲ್ಲ ಎಂದು ಗೊತ್ತಾದರೆ ಗತಿಯೇನು?

ಸ್ವಿನ್‌ಮರ್ನ್ ಒಂದು ಜೊತೆ ಶೂವನ್ನೂ ಮುಂಚಿತವಾಗಿ ಕೊಂಡಿಡಲಿಲ್ಲ. ಹತ್ತಿರದ ಶೂ ಅಂಗಡಿಗೆ ಹೋಗಿ ಮಾಲೀಕರೊಡನೆ ಮಾತಾಡಿಕೊಂಡ. ನಿಮ್ಮ ಶೂಗಳ ಫೋಟೊ ತೆಗೆದುಕೊಂಡು ನನ್ನ ಪುಟದಲ್ಲಿ ಹಾಕುತ್ತೇನೆ, ಯಾರಾದರೂ ಆರ್ಡರ್ ಕೊಟ್ಟರೆ ನಿಮ್ಮಲ್ಲೇ ಬಂದು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತೇನೆ ಎಂಬುದು ಒಪ್ಪಂದ. ಅಂಗಡಿಯವರಿಗೆ ಇದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಆರ್ಡರ್ ಬಂದಾಗ ಅವನೇ ಹೋಗಿ ಶೂ ಕೊಂಡು, ಪೆಟ್ಟಿಗೆ ಕಟ್ಟಿ, ಅಂಚೆಗೆ ಹಾಕುತ್ತಿದ್ದ. ಹೀಗೆ ಮಾರಿದರೆ ಲಾಭ ಬರುವುದಿಲ್ಲವೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅವನು ಆಗ ಹುಡುಕುತ್ತಿದ್ದುದು ಲಾಭವನ್ನಲ್ಲ, ಒಂದು ಉತ್ತರವನ್ನು: ಕಣ್ಣಲ್ಲಿ ನೋಡಿದ ಮಾತ್ರಕ್ಕೆ ಶೂವಿಗೆ ದುಡ್ಡು ಕೊಡುವ ಜನ ಇದ್ದಾರೆಯೇ?

ಇದ್ದರು. ಆ ಪುಟವೇ ಮುಂದೆ ಜ್ಯಾಪೋಸ್ ಎಂಬ ಕಂಪನಿಯಾಯಿತು. 2009ರಲ್ಲಿ ಅದನ್ನು ಅಮೆಜಾನ್ ಕೊಂಡಾಗ ಆ ವ್ಯವಹಾರದ ಮೊತ್ತ ನೂರು ಕೋಟಿ ಡಾಲರ್ ದಾಟಿತ್ತು.

ಈ ಕತೆಯನ್ನು ವ್ಯಾಪಾರ ಕಲಿಸುವವರೆಲ್ಲ ಹೇಳುತ್ತಾರೆ. ಆದರೆ ಇದರೊಳಗಿನ ಒಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸ್ವಿನ್‌ಮರ್ನ್ ಬಂಡವಾಳಕ್ಕಾಗಿ ಹೋದದ್ದು ಟೋನಿ ಶೇ ಎಂಬ ಹೂಡಿಕೆದಾರನ ಬಳಿಗೆ. ಹಾಕಿ ನೋಡದೆ ಶೂ ಯಾರು ಕೊಳ್ಳುತ್ತಾರೆ ಎಂದು ಶೇ ಕೂಡ ಅನುಮಾನಪಟ್ಟರು. ಆಗ ಸ್ವಿನ್‌ಮರ್ನ್ ಮುಂದಿಟ್ಟದ್ದು ಒಂದು ಲೆಕ್ಕ: ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,000 ಕೋಟಿ ಡಾಲರ್‌ನ ಪಾದರಕ್ಷೆ ಮಾರಾಟವಾಗುತ್ತದೆ, ಅದರಲ್ಲಿ ನೂರಕ್ಕೆ ಐದರಷ್ಟನ್ನು ಜನ ಅಂಚೆಯಲ್ಲಿ ಬರುವ ಕ್ಯಾಟಲಾಗ್ ನೋಡಿ ಈಗಾಗಲೇ ತರಿಸಿಕೊಳ್ಳುತ್ತಿದ್ದಾರೆ. ಮುಂದೆ ಕೊಳ್ಳುತ್ತಾರೋ ಇಲ್ಲವೋ ಎಂಬ ಊಹೆಗಿಂತ, ಇದುವರೆಗೆ ಕೊಂಡಿದ್ದಾರೋ ಇಲ್ಲವೋ ಎಂಬ ಪ್ರಶ್ನೆಗೆ ಹೆಚ್ಚು ತೂಕ.

ಅದೇ ವರ್ಷ, ಅದೇ ಸೀಮೆಯಲ್ಲಿ ವೆಬ್‌ವ್ಯಾನ್ ಎಂಬ ಇನ್ನೊಂದು ಕಂಪನಿ ತನ್ನ ಸೇವೆ ಶುರುಮಾಡಿತು. ಇಂಟರ್ನೆಟ್‌ನಲ್ಲಿ ಹೇಳಿದರೆ ದಿನಸಿ, ತರಕಾರಿಯನ್ನು ಮನೆಗೇ ತಲುಪಿಸುವ ಕೆಲಸ. 1999ರ ಜೂನ್‌ನಲ್ಲಿ ಬಾಗಿಲು ತೆರೆದು, ಹೆಚ್ಚು ದಿನ ಕಳೆಯುವ ಮೊದಲೇ ದೇಶದ ಉದ್ದಗಲಕ್ಕೂ ಯಂತ್ರಚಾಲಿತ ಗೋದಾಮು ಕಟ್ಟಲು ಬೆಕ್‌ಟೆಲ್ ಕಂಪನಿಗೆ ನೂರು ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟರು. ಎಣಿಸಿದಷ್ಟು ಆರ್ಡರ್ ಬರಲಿಲ್ಲ. 2001ರ ಜುಲೈನಲ್ಲಿ ಕಂಪನಿ ಮುಚ್ಚಿತು. ವೆಬ್‌ವ್ಯಾನ್‌ಗೆ ಗಿರಾಕಿಗಳೇ ಇರಲಿಲ್ಲ ಎನ್ನುವುದು ತಪ್ಪು. ಇದ್ದರು, ಇಷ್ಟಪಡುತ್ತಿದ್ದರು ಕೂಡ. ಕಟ್ಟಿದ ಗೋದಾಮಿನ ಖರ್ಚು ಹುಟ್ಟುವಷ್ಟು ಮಂದಿ, ಅಷ್ಟು ಸಲ, ಅಷ್ಟು ಬೆಲೆಗೆ ಕೊಳ್ಳಲಿಲ್ಲ. ಇದನ್ನು ಒಂದು ಬಡಾವಣೆಯಲ್ಲಿ, ಒಂದು ವ್ಯಾನಿನಲ್ಲಿ ತಿಳಿದುಕೊಳ್ಳಬಹುದಿತ್ತು.

ಹೊಸ ವ್ಯಾಪಾರ ಮಾಡಹೊರಟವರು ನಮ್ಮಲ್ಲೂ ಜನರನ್ನು ಕೇಳಿಯೇ ಕೇಳುತ್ತಾರೆ. ‘ಹಿಂಗೊಂದು ಮಾಡಬೇಕು ಅಂತಿದೀನಿ, ಹೇಗಿದೆ?’ ಎಂದು ನೆಂಟರಿಷ್ಟರಲ್ಲಿ, ಸ್ನೇಹಿತರಲ್ಲಿ, ಆಫೀಸಿನವರಲ್ಲಿ ವಿಚಾರಿಸುತ್ತಾರೆ. ‘ಬಹಳ ಚೆನ್ನಾಗಿದೆ, ಮಾಡಿ ಮಾಡಿ, ನಾವೇ ನಿಮ್ಮ ಮೊದಲ ಗಿರಾಕಿ’ ಎಂಬ ಉತ್ತರ ಬರುತ್ತದೆ. ಹೇಳಿದವರು ಸುಳ್ಳರಲ್ಲ. ಎದುರಿಗಿರುವವರ ಉತ್ಸಾಹಕ್ಕೆ ತಣ್ಣೀರೆರಚಬಾರದು ಎಂಬ ಮರ್ಯಾದೆ ಅದು. ಆ ಮಾತಿಗೆ ಅವರು ತೆತ್ತದ್ದು ಏನೂ ಇಲ್ಲವಾದ್ದರಿಂದ ಅದರ ಮೇಲೆ ಸಾಲ ಮಾಡುವುದು ಅಪಾಯ. ರಾಬ್ ಫಿಟ್ಜ್‌ಪ್ಯಾಟ್ರಿಕ್ ಎಂಬಾತ 2013ರಲ್ಲಿ ಬರೆದ ‘ದ ಮಾಮ್ ಟೆಸ್ಟ್’ ಪುಸ್ತಕದ ವಿಷಯವೇ ಇದು: ಹೆತ್ತ ತಾಯಿಯೂ ಸುಳ್ಳು ಹೇಳಲಾಗದಂತೆ ಪ್ರಶ್ನೆ ಕೇಳುವುದು ಹೇಗೆ. ಅವನ ಸಲಹೆಯಂತೆ, ನಿಮ್ಮ ಯೋಚನೆಯನ್ನು ಹೇಳಲೇ ಬಾರದು. ಅವರ ಬದುಕಿನ ಬಗ್ಗೆ ಕೇಳಬೇಕು. ಕಳೆದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ? ಅದಕ್ಕೆ ಎಷ್ಟು ಖರ್ಚಾಯಿತು? ಬೇರೆ ದಾರಿ ಹುಡುಕಿದಿರಾ? ಏನೂ ಮಾಡಿರಲಿಲ್ಲ, ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ ಎಂದರೆ ಆ ತೊಂದರೆ ಅವರನ್ನು ಅಷ್ಟಾಗಿ ಕಾಡಿಲ್ಲ ಎಂದೇ ಲೆಕ್ಕ.

ದುಡ್ಡು ಕೊಡುವವರು ಯಾರು ಎಂಬುದೂ ಮೊದಲಿಗೆ ಅಂದುಕೊಂಡಂತೆ ಇರುವುದಿಲ್ಲ. ಬೆಂಗಳೂರಿನ ರೆಡ್‌ಬಸ್ ಇದಕ್ಕೆ ಒಳ್ಳೆಯ ಉದಾಹರಣೆ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಎಂಜಿನಿಯರ್ ಫಣೀಂದ್ರ ಸಾಮಾ ಬೆಂಗಳೂರಿನಲ್ಲೇ ಉಳಿಯಬೇಕಾಯಿತು. ಎಲ್ಲೋ ಒಂದು ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಬಹುದು, ಆದರೆ ಅದು ಯಾವ ಏಜೆಂಟನ ಬಳಿ ಇದೆ ಎಂದು ತಿಳಿಯುವ ದಾರಿ ಇರಲಿಲ್ಲ. ಅವರೂ ಸ್ನೇಹಿತರೂ ಸೇರಿ ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದರು. ಮಾಲೀಕರು ಅದರಲ್ಲಿ ಆಸಕ್ತಿ ತೋರಲಿಲ್ಲ. ಫೋನು, ಪುಸ್ತಕ, ಪೆನ್ನಿನಲ್ಲಿ ಅವರ ವ್ಯವಹಾರ ನಡೆದೇ ಇತ್ತು. ಟಿಕೆಟ್ ಸಿಗದ ಕಷ್ಟ ಪ್ರಯಾಣಿಕನದೇ ಹೊರತು ಅವರದಲ್ಲ. ಆಮೇಲೆ ಗೆಳೆಯರು ದಾರಿ ಬದಲಿಸಿದರು. ಸಾಫ್ಟ್‌ವೇರ್ ಮಾರುವುದನ್ನು ಬಿಟ್ಟು, ಕೆಲವು ಸೀಟುಗಳನ್ನು ಮಾರಲು ಕೊಡಿ ಎಂದು ಕೇಳಿ, ನೇರ ಪ್ರಯಾಣಿಕರಿಗೆ ಟಿಕೆಟ್ ಮಾರತೊಡಗಿದರು. 2006ರ ಆಗಸ್ಟ್‌ನಲ್ಲಿ ಹೀಗೆ ಆರಂಭವಾದ ಕಂಪನಿಯನ್ನು 2013ರಲ್ಲಿ ಇಬಿಬೊ ಸಮೂಹ ಕೊಂಡುಕೊಂಡಿತು. ಬಸ್ ಮಾಲೀಕರು ಬೇಡವೆಂದದ್ದು ಸಾಫ್ಟ್‌ವೇರ್ ಬರೆಯುವ ಮೊದಲೇ ಗೊತ್ತಾಗಿದ್ದರೆ ಆ ತಿಂಗಳುಗಳ ದುಡಿಮೆಯೂ ಉಳಿಯುತ್ತಿತ್ತು.

ಹಾಗಾದರೆ ವಸ್ತುವೇ ಇಲ್ಲದಿರುವಾಗ ಬೆಲೆ ಕೇಳುವುದು ಹೇಗೆ? ಇಂಗ್ಲೆಂಡಿನ ಜೋಯೆಲ್ ಗ್ಯಾಸ್ಕೊಯಿನ್ 2010ರಲ್ಲಿ ಮಾಡಿದ್ದನ್ನು ಹಂತಹಂತವಾಗಿ ನೋಡಬಹುದು. ಟ್ವಿಟರ್ ಸಂದೇಶಗಳನ್ನು ಮೊದಲೇ ಬರೆದಿಟ್ಟು, ದಿನದ ಬೇರೆ ಬೇರೆ ಹೊತ್ತಿಗೆ ತಾವಾಗಿಯೇ ಪ್ರಕಟವಾಗುವಂತೆ ಮಾಡುವ ಬಫರ್ ಎಂಬ ಸೇವೆ ಅವನ ಯೋಚನೆ. ಮೊದಲು ಅವನು ಎರಡೇ ಪುಟ ಮಾಡಿದ. ಒಂದರಲ್ಲಿ ಈ ಸೇವೆ ಏನೆಂಬ ವಿವರಣೆ ಮತ್ತು ಒಂದು ಗುಂಡಿ. ಒತ್ತಿದರೆ ಎರಡನೆಯ ಪುಟದಲ್ಲಿ, ನಾವಿನ್ನೂ ಸಿದ್ಧವಾಗಿಲ್ಲ, ಇಮೇಲ್ ಕೊಟ್ಟರೆ ತಿಳಿಸುತ್ತೇವೆ ಎಂಬ ಮಾತು. ಕೆಲವರು ಇಮೇಲ್ ಕೊಟ್ಟರು. ಆದರೆ ಇಮೇಲ್ ಕೊಡುವುದಕ್ಕೆ ಯಾರ ಗಂಟೂ ಹೋಗುವುದಿಲ್ಲ ಎಂಬುದನ್ನು ಅವನು ಬಲ್ಲ. ಹಾಗಾಗಿ ಎರಡು ಪುಟಗಳ ನಡುವೆ ಮೂರನೆಯದೊಂದನ್ನು ತೂರಿಸಿದ. ಅದರಲ್ಲಿ ಮೂರು ದರ: ಉಚಿತ, ತಿಂಗಳಿಗೆ 5 ಡಾಲರ್, ತಿಂಗಳಿಗೆ 20 ಡಾಲರ್. ಯಾವುದನ್ನು ಆರಿಸಿದರೂ ಹಿಂದಿನ ‘ಸಿದ್ಧವಾಗಿಲ್ಲ’ ಪುಟವೇ ಬರುತ್ತಿತ್ತು. ಆದರೆ ಯಾರು ಯಾವುದನ್ನು ಒತ್ತಿದರು ಎಂಬುದು ಅವನಿಗೆ ತಿಳಿಯುತ್ತಿತ್ತು.

ಬೆಲೆ ಕಂಡ ಮೇಲೂ ಜನ ಮುಂದೆ ಹೋದರು, ಕೆಲವರು ಹಣ ಕೊಡುವ ದರವನ್ನೇ ಆರಿಸಿದರು. ಆಮೇಲಷ್ಟೇ ಗ್ಯಾಸ್ಕೊಯಿನ್ ನಿಜವಾದ ಕೆಲಸಕ್ಕೆ ಕೈಹಾಕಿದ್ದು. ಏಳು ವಾರಗಳಲ್ಲಿ ಒಂದು ಸರಳ ಸೇವೆ ಕಟ್ಟಿ 2010ರ ನವೆಂಬರ್ 30ರಂದು ಬಿಡುಗಡೆ ಮಾಡಿದ. ನಾಲ್ಕು ದಿನಗಳಲ್ಲಿ ಮೊದಲ ಹಣ ಬಂತು.

ಸೇವೆಯ ಬದಲು ತಿನಿಸೋ ಬಟ್ಟೆಯೋ ಆದರೆ ಕೆಲಸ ಇನ್ನೂ ಸುಲಭ, ಏಕೆಂದರೆ ನಮ್ಮಲ್ಲಿ ಯುಪಿಐ ಇದೆ. ನೂರು ರೂಪಾಯಿ ಮುಂಗಡವನ್ನೂ ಸಂಕೋಚವಿಲ್ಲದೆ ಕೇಳಬಹುದು. ಇಲ್ಲಿ ಲೆಕ್ಕ ತೋರಿಸುವುದಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಕಟ್ಟಿಕೊಳ್ಳೋಣ. ವಿಜಯಪುರ ಕಡೆಯ ಮಹಿಳೆಯೊಬ್ಬರು ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಸಂಜೆ ಹೊತ್ತು ಬಿಸಿ ಜೋಳದ ರೊಟ್ಟಿಯನ್ನು ಮನೆಮನೆಗೆ ತಲುಪಿಸುವ ಆಸೆ. ಬಾಡಿಗೆ ಜಾಗದ ಅಡ್ವಾನ್ಸ್, ರೊಟ್ಟಿ ಯಂತ್ರ, ಒಲೆ, ಪಾತ್ರೆ ಎಲ್ಲ ಸೇರಿ ಮೂರು ಲಕ್ಷ ಬೇಕು ಎಂದು ಅಂದಾಜು.

ಅವರು ಮೊದಲು ಮಾಡಬೇಕಾದದ್ದು ಆಸೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು, ಅದೂ ಅಂಕಿ ಇರುವ ವಾಕ್ಯಕ್ಕೆ. ‘ಬೆಂಗಳೂರಿನವರಿಗೆ ರೊಟ್ಟಿ ಬೇಕು’ ಎಂದರೆ ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. ‘ಈ 200 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಕನಿಷ್ಠ 10 ಮನೆಯವರು ವಾರಕ್ಕೆ ಎರಡು ಸಂಜೆ, ಸಲಕ್ಕೆ ಐದು ರೊಟ್ಟಿಯಂತೆ ನಾಲ್ಕು ವಾರಕ್ಕೆ 600 ರೂಪಾಯಿ ಮುಂಗಡ ಕೊಡುತ್ತಾರೆ’ ಎಂದರೆ ಪರೀಕ್ಷಿಸಬಹುದು. ರೊಟ್ಟಿಗೆ 15 ರೂಪಾಯಿ, ಸಲಕ್ಕೆ 75, ಎಂಟು ಸಲಕ್ಕೆ 600. ಜೊತೆಗೆ ಇನ್ನೆರಡು ಗೆರೆ ಬರೆದಿಡಬೇಕು: 10 ಅಥವಾ ಹೆಚ್ಚು ಮನೆ ಬಂದರೆ ಮುಂದುವರಿಯುವುದು, ನಾಲ್ಕಕ್ಕಿಂತ ಕಡಿಮೆ ಬಂದರೆ ಈ ಯೋಜನೆಯನ್ನು ಬಿಡುವುದು. ಈ ಗೆರೆಗಳನ್ನು ಮೊದಲೇ ಬರೆದು ಮನೆಯವರೊಬ್ಬರ ಕೈಗೆ ಕೊಡಬೇಕು. ಫಲ ಬಂದ ಮೇಲೆ ಗೆರೆ ಎಳೆದರೆ ಮನಸ್ಸು ಮೂರು ಮನೆಯನ್ನೂ ಗೆಲುವೆಂದೇ ಒಪ್ಪಿಸುತ್ತದೆ.

ಯಂತ್ರ ಕೊಳ್ಳುವಂತಿಲ್ಲ. ಪರಿಚಯದ ಖಾನಾವಳಿಯಿಂದ ರೊಟ್ಟಿಗೆ 12 ರೂಪಾಯಿಯಂತೆ ತಂದು ಕೊಡುವುದು, ಮನೆಯ ಸ್ಕೂಟರಿನಲ್ಲೇ ತಲುಪಿಸುವುದು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ರೊಟ್ಟಿಯ ಚಿತ್ರ, ದರ, ದಿನ, ಹಣ ಕಳಿಸಬೇಕಾದ ಯುಪಿಐ ವಿವರ, ಕೊನೆಯ ದಿನಾಂಕ ಎಲ್ಲ ಹಾಕಲಾಯಿತು ಎನ್ನೋಣ. 38 ಮಂದಿ ಹೆಬ್ಬೆರಳೆತ್ತಿದರು. ಹಣ ಕಳಿಸಿದ್ದು ಆರು ಮನೆ. ಅದರಲ್ಲಿ ಒಂದು ತಂಗಿಯ ಮನೆ, ಒಂದು ಬಹುದಿನದ ಗೆಳತಿಯದು. ಈ ಇಬ್ಬರನ್ನೂ ಲೆಕ್ಕದಿಂದ ಕಳೆಯಬೇಕು, ಏಕೆಂದರೆ ಅವರು ಕೊಂಡದ್ದು ರೊಟ್ಟಿಯನ್ನಲ್ಲ. ಉಳಿದದ್ದು ನಾಲ್ಕು.

ಬಿಡುವ ಗೆರೆಗೂ ಮುಂದುವರಿಯುವ ಗೆರೆಗೂ ನಡುವಿನ ಜಾಗ ಇದು. ಇಲ್ಲಿ ಕೆಲಸಕ್ಕೆ ಬರುವವರು ಹೆಬ್ಬೆರಳೆತ್ತಿಯೂ ಹಣ ಕಳಿಸದ ಮೂವತ್ತೆರಡು ಮಂದಿ. ಅವರಲ್ಲಿ ಏಳೆಂಟು ಮನೆಗಾದರೂ ಹೋಗಿ, ಯಾಕೆ ಕೊಳ್ಳಲಿಲ್ಲ ಎಂದು ಕೇಳದೆ, ಮನೆಯಲ್ಲಿ ರೊಟ್ಟಿ ಊಟ ಹೇಗೆ ನಡೆಯುತ್ತದೆ ಎಂದು ವಿಚಾರಿಸಬೇಕು. ಬಾಗಲಕೋಟೆ ಕಡೆಯ ಒಂದು ಮನೆಯಲ್ಲಿ ಇಂಥ ಉತ್ತರ ಬರಬಹುದು: ‘ಅಕ್ಕಾರ, ಖಡಕ್ ರೊಟ್ಟಿ ಊರಿಂದನ ಬರ್ತಾವ್ರಿ, ತಿಂಗಳಗಟ್ಟಲೆ ಇರ್ತಾವ. ನಮಗ ತ್ರಾಸ ಆಗೋದು ಪಲ್ಯಾದ್ದು. ಆಫೀಸಿಂದ ಬಂದು ಎಣ್ಣಿಗಾಯಿ ಮಾಡಾಕ ಯಾರಿಗ್ ಆಗ್ತದರಿ?’ ಮೂರು ನಾಲ್ಕು ಮನೆಯಲ್ಲಿ ಇದೇ ಮಾತು ಕೇಳಿಬಂದರೆ ಮಾರಬೇಕಾದದ್ದು ರೊಟ್ಟಿಯಲ್ಲ. ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ. ಅದಕ್ಕೆ ರೊಟ್ಟಿ ಯಂತ್ರ ಬೇಕಾಗಿಯೇ ಇಲ್ಲ. ಹೊಸ ವಾಕ್ಯ ಬರೆದು, ಹೊಸ ಅಂಕಿ ಹಾಕಿ, ಹೊಸದಾಗಿ ಮುಂಗಡ ಕೇಳಬೇಕು.

ಈ ಸುತ್ತಿನ ಖರ್ಚನ್ನೂ ನೋಡೋಣ. ಆರು ಮನೆಗೆ ನಲವತ್ತರಂತೆ 240 ರೊಟ್ಟಿ, ತಂದ ಬೆಲೆ 2,880 ರೂಪಾಯಿ, ಬಂದದ್ದು 3,600. ಉಳಿದ 720ರಲ್ಲಿ ಪೆಟ್ರೋಲು, ಕವರು ಹೋದರೆ ಕೈಗೆ ಹೆಚ್ಚೇನೂ ಉಳಿಯದು, ಎಂಟು ಸಂಜೆಯ ದುಡಿಮೆ ಪುಕ್ಕಟೆ. ಆದರೆ ಮೂರು ಲಕ್ಷ ಬ್ಯಾಂಕಿನಲ್ಲೇ ಇದೆ.

ಪರೀಕ್ಷೆಯ ಫಲ ಸುಳ್ಳು ಹೇಳುವುದೂ ಉಂಟು, ಮತ್ತು ಅದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಬಿದ್ದುಹೋದ ಹಂತವೇ ಹೇಳುತ್ತದೆ. ಸಂದೇಶ ನೋಡಿದ ಇನ್ನೂರು ಮನೆಯಲ್ಲಿ ಯಾರೂ ಕಣ್ಣೆತ್ತದಿದ್ದರೆ, ಹೇಳಿದ ರೀತಿಯೋ ಹೇಳಿದ ಜಾಗವೋ ಸರಿಯಿಲ್ಲದಿರಬಹುದು. ರೊಟ್ಟಿಯ ಬಗ್ಗೆ ಇನ್ನೂ ಏನೂ ಗೊತ್ತಾಗಿಲ್ಲ. ಬಹಳ ಮಂದಿ ಮೆಚ್ಚಿ ಯಾರೂ ಹಣ ಕೊಡದಿದ್ದರೆ, ಆ ವಸ್ತು ಇಷ್ಟವೇ ಹೊರತು ಆ ಬೆಲೆಗೆ ಬೇಕಾದದ್ದಲ್ಲ. ಒಮ್ಮೆ ಹಣ ಕೊಟ್ಟವರು ನಾಲ್ಕನೆಯ ವಾರದ ಕೊನೆಯಲ್ಲಿ ಮತ್ತೆ ಕೊಡದಿದ್ದರೆ, ಬಂದ ರೊಟ್ಟಿ ತಣ್ಣಗಿತ್ತೋ ತಡವಾಗಿತ್ತೋ ನೋಡಬೇಕು. ಮೊದಲ ಸಲ ಕೊಳ್ಳುವುದರಲ್ಲಿ ಕುತೂಹಲದ ಪಾಲು ದೊಡ್ಡದು. ದಿನಬಳಕೆಯ ವಸ್ತುವಿಗೆ ಎರಡನೆಯ ಮುಂಗಡವೇ ನಂಬಬೇಕಾದ ಅಂಕಿ.

ಪರಿಚಯಕ್ಕಾಗಿ ಎಂದು ಅರ್ಧ ಬೆಲೆಗೆ ಕೊಡುವುದರಿಂದ ಈ ಪರೀಕ್ಷೆ ಹಾಳಾಗುತ್ತದೆ. ಎಂಟು ರೂಪಾಯಿಗೆ ರೊಟ್ಟಿ ಕೊಳ್ಳುವವರು ಇದ್ದಾರೆಂದು ತಿಳಿದುಕೊಂಡು ಹದಿನೈದು ರೂಪಾಯಿಯ ಅಂಗಡಿ ತೆರೆಯಲಾಗದು. ಸ್ವಿನ್‌ಮರ್ನ್ ನಷ್ಟ ಹೊತ್ತದ್ದು ತಾನು ಕೊಳ್ಳುವ ಕಡೆಯಲ್ಲೇ ಹೊರತು ಗಿರಾಕಿಗೆ ಬೆಲೆ ಇಳಿಸಿಯಲ್ಲ.

ಮುಂಗಡ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ಅಮೆರಿಕದ ‘ಕೂಲೆಸ್ಟ್ ಕೂಲರ್’ ಸಾಕ್ಷಿ. ಮಿಕ್ಸಿ, ಸ್ಪೀಕರ್ ಎಲ್ಲ ಅಳವಡಿಸಿದ ಐಸ್ ಪೆಟ್ಟಿಗೆ ಅದು. ರಯಾನ್ ಗ್ರೆಪ್ಪರ್ ಎಂಬಾತ 2013ರ ಚಳಿಗಾಲದಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಇದಕ್ಕೆ ಮುಂಗಡ ಕೇಳಿದಾಗ ಇಟ್ಟುಕೊಂಡ ಗುರಿ ಮುಟ್ಟಲಿಲ್ಲ. ಪೆಟ್ಟಿಗೆಯ ರೂಪವನ್ನು ತಿದ್ದಿ ಮುಂದಿನ ಬೇಸಿಗೆಯಲ್ಲಿ ಮತ್ತೆ ಕೇಳಿದಾಗ 62,000ಕ್ಕೂ ಹೆಚ್ಚು ಮಂದಿಯಿಂದ 1 ಕೋಟಿ 30 ಲಕ್ಷ ಡಾಲರ್ ದಾಟಿ ಹಣ ಹರಿದುಬಂತು. ಐಸ್ ಪೆಟ್ಟಿಗೆಯನ್ನು ಡಿಸೆಂಬರಿನಲ್ಲಿ ಮಾರಹೊರಟರೆ ಬರುವ ‘ಬೇಡ’ ಎಂಬ ಉತ್ತರದಲ್ಲಿ ಋತುವಿನ ಪಾಲೂ ಇರುತ್ತದೆ. ಮಾವಿನ ಹಣ್ಣು, ಛತ್ರಿ, ಶಾಲೆಯ ಬ್ಯಾಗು ಮಾರುವವರಿಗೆ ಇದು ಹೊಸ ಸಂಗತಿಯಲ್ಲ.

ಆದರೆ ಗ್ರೆಪ್ಪರ್ ಒಂದು ಪೆಟ್ಟಿಗೆಗೆ ತಗಲುವ ಖರ್ಚನ್ನು ತಪ್ಪಾಗಿ ಎಣಿಸಿದ್ದ. ತೆಗೆದುಕೊಂಡ ಮುಂಗಡದಲ್ಲಿ ಪೆಟ್ಟಿಗೆ ಮಾಡಿ ಕಳಿಸಲು ಹಣ ಸಾಲಲಿಲ್ಲ. ವರ್ಷಗಟ್ಟಲೆ ಕಾದರೂ ಸಾವಿರಾರು ಮಂದಿಗೆ ಪೆಟ್ಟಿಗೆ ಸಿಗಲಿಲ್ಲ, 2019ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚಿತು. ಗಿರಾಕಿ ಇದ್ದಾರೆಯೇ ಎಂಬ ಪ್ರಶ್ನೆಗೆ ಅವನಿಗೆ ಅರವತ್ತು ಸಾವಿರ ಉತ್ತರ ಸಿಕ್ಕಿತ್ತು. ಆ ಬೆಲೆಗೆ ಮಾಡಲಾದೀತೇ ಎಂಬ ಪ್ರಶ್ನೆಯನ್ನು ಅವರಾರೂ ಉತ್ತರಿಸುವಂತಿರಲಿಲ್ಲ. ಹತ್ತು ಪೆಟ್ಟಿಗೆಯನ್ನು ಪೂರ್ತಿಯಾಗಿ ಮಾಡಿ, ಕಳಿಸಿ, ಬಿಲ್ಲುಗಳನ್ನು ಕೂಡಿಸಿದ್ದರೆ ಮಾತ್ರ ಅದು ತಿಳಿಯುತ್ತಿತ್ತು.

ಹೀಗಾಗಿ ಮುಂಗಡ ತೆಗೆದುಕೊಳ್ಳುವವರು ಕೆಲವು ಕಟ್ಟುಪಾಡುಗಳನ್ನು ಹಾಕಿಕೊಳ್ಳಲೇಬೇಕು. ವಸ್ತು ಇನ್ನೂ ತಯಾರಿಲ್ಲ ಎಂಬುದನ್ನು ಹಣ ಕೇಳುವ ಸಂದೇಶದಲ್ಲೇ ಹೇಳಬೇಕು, ಜೊತೆಗೆ ತಲುಪಿಸುವ ತಾರೀಖನ್ನೂ. ಎಷ್ಟು ಮಂದಿಯಿಂದ ತೆಗೆದುಕೊಳ್ಳುವುದು ಎಂಬ ಮಿತಿಯನ್ನು ಮೊದಲೇ ಇಟ್ಟುಕೊಳ್ಳಬೇಕು. ರೊಟ್ಟಿಯ ಉದಾಹರಣೆಯಲ್ಲಿ ಇಪ್ಪತ್ತು ಮನೆ ದಾಟಿದರೆ ಒಂದು ಸ್ಕೂಟರಿನಲ್ಲಿ ಬಿಸಿಯಾಗಿ ತಲುಪಿಸಲಾಗದು. ತಿನಿಸಿನ ವ್ಯಾಪಾರ ಎಷ್ಟೇ ಚಿಕ್ಕದಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, ಅದಕ್ಕೆ ತಗಲುವ ಶುಲ್ಕ ಅಲ್ಪ. ಔಷಧ, ಮಕ್ಕಳ ಆಹಾರದಂಥ ಸುರಕ್ಷತೆಯ ಪ್ರಶ್ನೆ ಇರುವ ವಸ್ತುಗಳನ್ನು ಹೀಗೆ ಅರ್ಧಂಬರ್ಧ ಮಾಡಿ ಮಾರಿ ನೋಡುವ ಮಾತೇ ಇಲ್ಲ. ಬಂದ ಮುಂಗಡವನ್ನು ಮನೆಖರ್ಚಿನ ಖಾತೆಗೆ ಸೇರಿಸದೆ ಬೇರೆಯೇ ಇಡಬೇಕು. ಅಂದುಕೊಂಡಷ್ಟು ಮನೆಗಳು ಬರದೆ ಯೋಜನೆ ಕೈಬಿಟ್ಟರೆ, ಅದೇ ದಿನ ಸಂಜೆಯೊಳಗೆ ಆರೂ ಮನೆಗೆ 600 ರೂಪಾಯಿಯಂತೆ ಹಿಂದಿರುಗಿಸಿ, ಯಾಕೆ ಕೈಬಿಟ್ಟೆವೆಂದು ಎರಡು ಸಾಲು ಬರೆಯಬೇಕು. ಆರು ತಿಂಗಳ ನಂತರ ಪಲ್ಯದ ಡಬ್ಬಿ ಹಿಡಿದು ಹೋಗಬೇಕಾದದ್ದು ಇದೇ ಆರು ಬಾಗಿಲಿಗೆ.